ನಿಷ್ಕ್ರಿಯ ಸಾಮರ್ಥ್ಯದ ವೆಚ್ಚ

ಕಾರ್ಖಾನೆಯ ಯಂತ್ರಗಳು ಕೆಲಸವಿಲ್ಲದೆ ನಿಂತಾಗಲೂ ತಪ್ಪದೆ ಬೀಳುವ ಬಾಡಿಗೆ, ಸವಕಳಿ, ವಿಮೆ, ಮೇಲ್ವಿಚಾರಕರ ಸಂಬಳ ಮೊದಲಾದ ಸ್ಥಿರ ವೆಚ್ಚದ ಪಾಲು. ಇದನ್ನು ತಯಾರಾದ ಸರಕಿನ ಮೇಲೆ ಹೇರಬಾರದೆಂದು ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1915ರಲ್ಲೇ ವಾದಿಸಿದ್ದ.

ಬೆಳಗಾವಿಯ ಎರಕದ ಕಾರ್ಖಾನೆಯಂಥ ಒಂದು ಘಟಕವನ್ನು ಊಹಿಸಿಕೊಳ್ಳೋಣ. ತಿಂಗಳ ಸ್ಥಿರ ವೆಚ್ಚ 12 ಲಕ್ಷ ರೂಪಾಯಿ. ರಜೆ, ದುರಸ್ತಿ ಕಳೆದು ಸಾಮಾನ್ಯ ವರ್ಷಗಳ ಸರಾಸರಿಯಲ್ಲಿ ತಿಂಗಳಿಗೆ ಸಿಗುವ ಸಾಮರ್ಥ್ಯ 10,000 ಯಂತ್ರಗಂಟೆ. ದರ ಗಂಟೆಗೆ 120 ರೂಪಾಯಿ. ಆರ್ಡರ್ ಕಡಿಮೆಯಾಗಿ 7,000 ಗಂಟೆ ಮಾತ್ರ ಯಂತ್ರ ಓಡಿದರೆ ಸರಕಿಗೆ ಸೇರುವುದು 8.4 ಲಕ್ಷ. ಉಳಿದ 3.6 ಲಕ್ಷ ನಿಷ್ಕ್ರಿಯ ಸಾಮರ್ಥ್ಯದ ವೆಚ್ಚ. ಅದನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸದೆ, ಆಯಾ ಅವಧಿಯ ಲಾಭ-ನಷ್ಟ ಲೆಕ್ಕಕ್ಕೆ ನೇರವಾಗಿ ಖರ್ಚು ಹಾಕಬೇಕು. ಭಾರತದ ಇಂಡ್ ಎಎಸ್ 2 ಮಾನದಂಡವೂ ಹೀಗೆಯೇ ವಿಧಿಸುತ್ತದೆ.

ಇಡೀ 12 ಲಕ್ಷವನ್ನು 7,000 ಗಂಟೆಗೆ ಹಂಚಿದರೆ ದರ ಸುಮಾರು 171 ರೂಪಾಯಿಗೆ ಏರುತ್ತದೆ. ಅದನ್ನು ನಂಬಿ ಬೆಲೆ ಏರಿಸಿದರೆ ಗಿರಾಕಿಗಳು ಇನ್ನಷ್ಟು ದೂರವಾಗಿ, ಮುಂದಿನ ತಿಂಗಳ ದರ ಮತ್ತೂ ಮೇಲೇರುತ್ತದೆ. ಬಳಕೆಯಾದ ಗಂಟೆ ಇಳಿದಾಗಲೆಲ್ಲ ದರ ಏರುತ್ತಿದ್ದರೆ ಈ ದೋಷವಿದೆಯೆಂದು ಶಂಕಿಸಬೇಕು.

ಲೆಕ್ಕದ ಗಟ್ಟಿತನ ನಿಂತಿರುವುದು ಸಾಮಾನ್ಯ ಸಾಮರ್ಥ್ಯದ ಅಂದಾಜಿನ ಮೇಲೆ. ಯಂತ್ರ ತಯಾರಕರು ಹೇಳುವ ಗರಿಷ್ಠ ಸಾಮರ್ಥ್ಯವನ್ನು ಹಿಡಿದರೆ, ಅನಿವಾರ್ಯ ದುರಸ್ತಿಯ ಹೊತ್ತೂ ನಿಷ್ಕ್ರಿಯವೆಂದು ತೋರುತ್ತದೆ. ಆ 3.6 ಲಕ್ಷವನ್ನು ಆರ್ಡರ್ ಕೊರತೆ, ವಿದ್ಯುತ್ ಕಡಿತ, ಯಂತ್ರ ಕೆಟ್ಟದ್ದು ಎಂದು ಗಂಟೆವಾರು ಒಡೆದು ತೋರಿಸಿದಾಗ, ಯಾವ ವಿಭಾಗ ಏನು ಮಾಡಬೇಕೆಂಬುದೂ ತಿಳಿಯುತ್ತದೆ.