ಅಸೃಜ್

ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶ ಬಾಯಿಪಾಠ ಮಾಡಿದವರಿಗೆ ‘ಅಸೃಕ್’ ಎಂದರೆ ರಕ್ತವೆಂದು ಗೊತ್ತು. ಅದರ ಮೂಲರೂಪ ‘ಅಸೃಜ್’ ಈಗ ಒಂದು ಜೀನಿನ ಹೆಸರೂ ಹೌದು. ಹಾಗೆ ಹೆಸರಿಟ್ಟವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದ ಮನೀಷಾ ಇನಾಂದಾರ್ ಅವರ ತಂಡ. ಎಷ್ಟು ಒಪ್ಪುವ ಹೆಸರು!

ಮೂಳೆಮಜ್ಜೆಯ ಕಾಂಡಕೋಶದ ಸಂತತಿ ಕೆಂಪುಕಣ, ಬಿಳಿಕಣ, ಪ್ಲೇಟ್ಲೆಟ್ ಎಲ್ಲವೂ ಆಗಬಲ್ಲದು. ಕವಲಿನ ಒಂದು ಹಂತದಲ್ಲಿ ಗಾಟಾ-1, ಪಿಯು-1 ಎಂಬ ಎರಡು ಪ್ರೋಟೀನುಗಳು ಒಂದನ್ನೊಂದು ಅದುಮುತ್ತವೆ. ಗಾಟಾ-1ರ ಕೈ ಮೇಲಾದರೆ ಕೆಂಪುಕಣದ ದಾರಿ, ಪಿಯು-1ರದ್ದಾದರೆ ಕೆಲವು ಬಗೆಯ ಬಿಳಿಕಣಗಳ ದಾರಿ.

ಅದಕ್ಕೂ ಮೊದಲು ಕಾಂಡಕೋಶ ಒಡೆಯಬೇಕೋ, ಸುಮ್ಮನಿರಬೇಕೋ ಎಂಬುದು ತೀರ್ಮಾನವಾಗಬೇಕು. ಅಸೃಜ್‌ನ ಕೆಲಸ ಇಲ್ಲಿದೆ. ಕೋಶದ ವಿಭಜನೆಗೆ ಕಡಿವಾಣ ಹಾಕುವುದು ಪಿ-53 ಪ್ರೋಟೀನು. ಸಿಎಸ್ಎನ್-5 ಎಂಬ ಇನ್ನೊಂದು ಪ್ರೋಟೀನು ಅದನ್ನು ನಾಶದತ್ತ ತಳ್ಳುತ್ತದೆ, ಅಸೃಜ್ ಅದಕ್ಕೆ ಅಡ್ಡ ನಿಲ್ಲುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಜೀನು ತೆಗೆದ ಇಲಿಗಳಲ್ಲಿ ಪಿ-53 ಕುಸಿದು, ಕಾಂಡಕೋಶಗಳು ಸುಮ್ಮನಿರುವುದನ್ನು ಬಿಟ್ಟು ವಿಭಜಿಸತೊಡಗಿದವು.

ಮನುಷ್ಯರಲ್ಲೂ ಈ ಜೀನು ಇದೆ. ಜೀನುಗಳ ದತ್ತಸಂಚಯಗಳಲ್ಲಿ ಹುಡುಕುವವರು OCIAD1 ಎಂದು ಬರೆಯಬೇಕು.