ತೆರೆದ ವಹಿ, ಮುಚ್ಚಿದ ವಹಿ

ಕೊಳ್ಳುವವನು ತಾನು ಕೊಂಡ ವಸ್ತುವನ್ನು ತಿರುಗಿಸಿ ನೋಡಬಹುದು, ತೂಗಬಹುದು, ಅಳೆಯಬಹುದು, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲೂಬಹುದು. ಆದರೆ ಮಾರುವವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ‘ಇದು ನಿನಗೆ ಎಷ್ಟಕ್ಕೆ ಬಿದ್ದಿತು? ವಹಿ ತೆಗೆದು ತೋರಿಸು’ ಎಂದು ಕೇಳುವ ಅಧಿಕಾರ ಅವನಿಗೆ ಸ್ವಭಾವತಃ ಇಲ್ಲ. ಆ ಅಧಿಕಾರ ಒಂದೋ ಶಾಸನದಿಂದ ಬರಬೇಕು, ಇಲ್ಲವೇ ಕರಾರುಪತ್ರದ ಒಂದು ಷರತ್ತಿನಿಂದ ಬರಬೇಕು. ಅದು ಬಂದಾಗಲೂ ವಹಿಯ ಎಷ್ಟು ಹಾಳೆಗಳು ತೆರೆಯುತ್ತವೆ, ಎಷ್ಟು ಮುಚ್ಚಿಯೇ ಉಳಿಯುತ್ತವೆ ಎಂಬ ಪ್ರಶ್ನೆ ನಿಂತೇ ಇರುತ್ತದೆ. ಕಳೆದ ಶತಮಾನದ ಮಧ್ಯಭಾಗದಿಂದ ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದೇ ಸೂತ್ರ ಅವುಗಳಲ್ಲಿ ಹಾಯ್ದಿರುವುದು ಕಾಣುತ್ತದೆ: ಬೆಲೆ ಹೇಗೆ ನಿಶ್ಚಯವಾಯಿತೋ, ವಹಿಯೂ ಅಷ್ಟೇ ತೆರೆಯುತ್ತದೆ.

ಈ ವಿಷಯ ಮೊದಲು ಬೆಳೆದದ್ದು ಯುದ್ಧದ ನೆಲದಲ್ಲಿ. ಹಿಂದೆಂದೂ ತಯಾರಾಗದ ಶಸ್ತ್ರವೊಂದಕ್ಕೆ ಮುಂಚಿತವಾಗಿ ಬೆಲೆ ಕಟ್ಟುವುದು ಯಾರಿಗೂ ಸಾಧ್ಯವಲ್ಲವಾದುದರಿಂದ, ಆದ ಖರ್ಚನ್ನು ಕೊಟ್ಟು ಅದರ ಮೇಲೆ ಲಾಭವನ್ನೂ ಸೇರಿಸಿ ಕೊಡುವ ಪದ್ಧತಿ ಅಮೆರಿಕದಲ್ಲಿ ರೂಢಿಗೆ ಬಂದಿತು. ಲಾಭವನ್ನು ಖರ್ಚಿನ ಶೇಕಡಾ ಇಷ್ಟೆಂದು ಗೊತ್ತುಮಾಡಿದರೆ, ಖರ್ಚು ಹೆಚ್ಚಿದಷ್ಟೂ ಲಾಭವೂ ಹೆಚ್ಚುವ ವಿಪರೀತ ಫಲ ಒದಗುತ್ತದೆಯೆಂದು ಕಂಡುಕೊಂಡು, 1941ರ ಯುದ್ಧಾಧಿಕಾರ ಶಾಸನವು ಅಂತಹ ಶೇಕಡಾವಾರು ಲಾಭವನ್ನು ನಿಷೇಧಿಸಿತು. ನಿಶ್ಚಿತ ಮೊತ್ತದ ಲಾಭವನ್ನಿಟ್ಟುಕೊಂಡ ಖರ್ಚಿನ ಕರಾರುಗಳು ಮಾತ್ರ ಉಳಿದವು. ಅವುಗಳಲ್ಲಿ ಸರ್ಕಾರದ ಲೆಕ್ಕಿಗನು ಕಾರ್ಖಾನೆಯ ಕೂಲಿಪಟ್ಟಿಯನ್ನೂ ಸಾಮಾನು ಕೊಂಡ ಬಿಲ್ಲುಗಳನ್ನೂ ನೋಡುವುದರ ಬಗ್ಗೆ ಹೆಚ್ಚು ವಿವಾದವಿರಲಿಲ್ಲ. ಖರ್ಚೇ ಬೆಲೆಯಾಗಿರುವಾಗ ಖರ್ಚನ್ನು ನೋಡದೆ ಹಣ ಕೊಡುವವರಾರು?

ತೊಡಕು ಹುಟ್ಟಿದ್ದು ಬೆಲೆ ಮೊದಲೇ ನಿಗದಿಯಾದ ಕರಾರುಗಳಲ್ಲಿ. ಕೊರಿಯಾ ಯುದ್ಧದ ಕಾಲದಲ್ಲಿ, 1951ರ ಅಕ್ಟೋಬರಿನಲ್ಲಿ, ಅಮೆರಿಕದ ಕಾಂಗ್ರೆಸ್ಸು ಒಂದು ಶಾಸನ ಮಾಡಿತು. ಬಹಿರಂಗ ಟೆಂಡರಿಲ್ಲದೆ ಮಾತುಕತೆಯಿಂದ ಕುದುರಿದ ಸರ್ಕಾರಿ ಕರಾರುಗಳಲ್ಲೆಲ್ಲ, ಕಡೆಯ ಪಾವತಿಯಾಗಿ ಮೂರು ವರ್ಷಗಳವರೆಗೆ, ಆ ಕರಾರಿಗೆ ‘ನೇರವಾಗಿ ಸಂಬಂಧಿಸಿದ’ ವಹಿ, ದಸ್ತಾವೇಜು, ಕಾಗದಪತ್ರಗಳನ್ನು ಮಹಾಲೆಕ್ಕನಿಯಂತ್ರಕನು ಪರೀಕ್ಷಿಸಬಹುದೆಂದು ಅದು ವಿಧಿಸಿತು. ಅಲ್ಲಿಂದ ಮುಂದಿನ ಮೂವತ್ತು ವರ್ಷಗಳ ವ್ಯಾಜ್ಯವೆಲ್ಲ ‘ನೇರವಾಗಿ’ ಎಂಬ ಆ ಒಂದು ಪದದ ಸುತ್ತ ಸುತ್ತಿತು.

ಮೊದಲು ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ಮೊಕದ್ದಮೆ ಬಂದಿತು. ವಾಯುಪಡೆಗೆ ಅದು ಮಾರಿದ ಉಪಕರಣಗಳಿಗೆ ತನ್ನ ಬೆಲೆಪಟ್ಟಿಯ ದರವನ್ನು ಆಧಾರವಾಗಿ ಹಿಡಿದಿತ್ತು. ತನ್ನ ಉತ್ಪಾದನೆಯ ಖರ್ಚಿಗೂ ಆ ದರಕ್ಕೂ ಕರಾರಿನಲ್ಲಿ ಸಂಬಂಧವಿಲ್ಲವೆಂದು ಅದರ ವಾದ. ಸರ್ಕಾರ ಅಧಿಕ ಬೆಲೆ ತೆತ್ತಿದೆಯೇ ಎಂದು ತಿಳಿಯುವುದಕ್ಕೆ ವಸ್ತುವನ್ನು ಮಾಡಲು ತಗುಲಿದ ಖರ್ಚು ನೇರ ಸಂಬಂಧವುಳ್ಳದ್ದೇ ಎಂದು ಮೇಲ್ಮನವಿ ನ್ಯಾಯಾಲಯ 1967ರಲ್ಲಿ ತೀರ್ಪಿತ್ತಿತು. ಬಳಿಕ 1974ರಲ್ಲಿ ಮಹಾಲೆಕ್ಕನಿಯಂತ್ರಕನು ಔಷಧ ಕಂಪೆನಿಗಳ ಕಡೆ ತಿರುಗಿದನು. ಮಾತ್ರೆಯೊಂದನ್ನು ಮಾಡಲು ತಗುಲುವ ಖರ್ಚು ಅಲ್ಪ. ಅದರ ಹಿಂದಿರುವ ಸಂಶೋಧನೆ, ಜಾಹೀರಾತು, ಆಡಳಿತ ಇವುಗಳ ಖರ್ಚು ದೊಡ್ಡದು. ಆದುದರಿಂದ ಯಾವ ವಹಿ ಎಂಬ ಪ್ರಶ್ನೆ ಇಲ್ಲಿ ಕೋಟಿಗಟ್ಟಲೆ ಡಾಲರುಗಳ ಪ್ರಶ್ನೆಯಾಯಿತು. ಬೇರೆ ಬೇರೆ ಮೇಲ್ಮನವಿ ನ್ಯಾಯಾಲಯಗಳು ಬೇರೆ ಬೇರೆ ಉತ್ತರ ಕೊಟ್ಟ ಮೇಲೆ, ಮರ್ಕ್ ಕಂಪೆನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1983ರಲ್ಲಿ ಗೆರೆ ಎಳೆಯಿತು. ತಯಾರಿಕೆಯ ಖರ್ಚು, ಕಾರ್ಖಾನೆಯ ಮೇಲ್ವೆಚ್ಚ, ರಾಯಧನ, ಸಾಗಣೆ ಇವುಗಳ ವಹಿಗಳು ತೆರೆಯತಕ್ಕವು; ಸಂಶೋಧನೆ, ಮಾರಾಟ ಪ್ರಚಾರ, ವಿತರಣೆ, ಆಡಳಿತ ಇವುಗಳ ವಹಿಗಳು, ಕಂಪೆನಿಯೇ ಅವುಗಳ ಪಾಲನ್ನು ಆ ಕರಾರಿನ ಲೆಕ್ಕಕ್ಕೆ ಹಂಚಿ ಬರೆದುಕೊಂಡಿದ್ದ ಹೊರತು, ಮುಚ್ಚಿರತಕ್ಕವು.

ಈ ಕಡೆಯ ಮಾತಿನಲ್ಲಿ ಒಂದು ವಿಚಿತ್ರ ಅಡಗಿದೆ. ಮಿತಿಯನ್ನು ನಿರ್ಧರಿಸಿದ್ದು ಶಾಸನವೊಂದೇ ಅಲ್ಲ, ಪೂರೈಕೆದಾರನು ತನ್ನ ಲೆಕ್ಕವನ್ನು ಬರೆದುಕೊಂಡ ರೀತಿಯೂ ಅದನ್ನು ನಿರ್ಧರಿಸಿತು. ಸಂಶೋಧನೆಯ ಖರ್ಚನ್ನು ವರ್ಷದ ಸಾಮಾನ್ಯ ವೆಚ್ಚವೆಂದು ಒಟ್ಟಾಗಿ ಬರೆದವನ ವಹಿ ಮುಚ್ಚಿತು. ವಸ್ತುವಾರು ಹಂಚಿ ಬರೆದವನ ವಹಿ ತೆರೆಯಿತು. ಆದುದರಿಂದ ವಹಿ ನೋಡುವ ಹಕ್ಕಿಗೂ ವಹಿ ಇಡುವ ಹೊಣೆಗೂ ಬಿಡಿಸಲಾಗದ ಬೆಸುಗೆಯಿದೆ: ಯಾವ ವಹಿಯನ್ನು ಹೇಗೆ ಇಡಬೇಕೆಂದು ಹೇಳದೆ, ನೋಡುವ ಹಕ್ಕನ್ನು ಮಾತ್ರ ಬರೆದಿಟ್ಟ ಕರಾರು ಬೀಗವಿಲ್ಲದ ಕೀಲಿಯಂತಾಗುತ್ತದೆ.

ಇಂಗ್ಲೆಂಡಿನಲ್ಲಿ ಇದೇ ಪಾಠ ಬೇರೊಂದು ದಾರಿಯಿಂದ ಬಂದಿತು. ಫೆರಾಂಟಿ ಕಂಪೆನಿಯು ಬ್ಲಡ್‌ಹೌಂಡ್ ಎಂಬ ಕ್ಷಿಪಣಿಯ ಭಾಗಗಳನ್ನು ಅಂದಾಜಿನ ಮೇಲೆ ನಿಗದಿಯಾದ ಬೆಲೆಗೆ ಸರ್ಕಾರಕ್ಕೆ ಮಾಡಿಕೊಟ್ಟಿತು. ಅಂದಾಜು ವೆಚ್ಚ ನಿಜವೆಚ್ಚಕ್ಕಿಂತ ಬಹಳ ಮೇಲಿತ್ತೆಂಬುದು 1964ರಲ್ಲಿ ಬಯಲಾಗಿ, ವಿಚಾರಣೆ ನಡೆದು, ಕಂಪೆನಿ 42.5 ಲಕ್ಷ ಪೌಂಡುಗಳನ್ನು ಹಿಂದಿರುಗಿಸಿತು. ಮಾತುಕತೆಯ ಮೇಜಿನ ಒಂದು ಬದಿಯವನಿಗೆ ತಿಳಿದ ಖರ್ಚು ಇನ್ನೊಂದು ಬದಿಯವನಿಗೆ ತಿಳಿಯದೆ ಇದ್ದುದೇ ದೋಷದ ಬೇರು ಎಂದು ಬಗೆದು, 1968ರಲ್ಲಿ ಸರ್ಕಾರವೂ ಕೈಗಾರಿಕೋದ್ಯಮಿಗಳ ಸಂಘವೂ ಒಂದು ಒಡಂಬಡಿಕೆಗೆ ಬಂದವು: ಬೆಲೆ ಗೊತ್ತಾಗುವ ಕ್ಷಣದವರೆಗೂ ಉಭಯರಿಗೂ ಸಮಾನ ಮಾಹಿತಿ ಇರತಕ್ಕದ್ದು, ಆಯ್ದ ಕರಾರುಗಳಲ್ಲಿ ಕೆಲಸ ಮುಗಿದ ಮೇಲೆ ನಿಜವೆಚ್ಚವನ್ನು ಪರೀಕ್ಷಿಸತಕ್ಕದ್ದು. ಅಮೆರಿಕ ಇದಕ್ಕೆ ಮೊದಲೇ, 1962ರ ಶಾಸನದಲ್ಲಿ, ಪೂರೈಕೆದಾರನು ಕೊಟ್ಟ ವೆಚ್ಚದ ವಿವರಗಳು ನಿಖರವೆಂದೂ ಸಂಪೂರ್ಣವೆಂದೂ ಅವನಿಂದಲೇ ರುಜು ಮಾಡಿಸಿ, ಅವು ತಪ್ಪೆಂದು ಕಂಡರೆ ಬೆಲೆ ಇಳಿಸುವ ವಿಧಾನವನ್ನು ಹೂಡಿತ್ತು. ಇಲ್ಲಿ ಪರಿಶೋಧಕನು ಹುಡುಕುವುದು ಲಾಭ ಎಷ್ಟೆಂದಲ್ಲ. ಬೆಲೆ ಕುದುರಿದ ದಿನ ಪೂರೈಕೆದಾರನ ಮೇಜಿನ ಮೇಲೆ ಯಾವ ಕಾಗದ ಇತ್ತು, ಅದರಲ್ಲಿ ಯಾವುದನ್ನು ತೋರಿಸದೆ ಬಿಟ್ಟ ಎಂಬುದನ್ನು.

ಸರ್ಕಾರವಲ್ಲದ ಗ್ರಾಹಕನಿಗೆ ಶಾಸನದ ಆಸರೆ ಇಲ್ಲ. ಅವನಿಗಿರುವುದು ಷರತ್ತಿನ ಮಾತುಗಳು ಮಾತ್ರ. ಇದನ್ನು ಹತ್ತಿರದಿಂದ ನೋಡಲು ಒಂದು ಕಲ್ಪಿತ ಕರಾರನ್ನು ತೆಗೆದುಕೊಳ್ಳೋಣ. ಪೀಣ್ಯದ ಒಬ್ಬ ಕಾರ್ಖಾನೆದಾರನು ಒಬ್ಬ ಗ್ರಾಹಕನಿಗೆ ಅಲ್ಯುಮಿನಿಯಂ ಎರಕದ ಬಿಡಿಭಾಗವನ್ನು ಮಾಡಿಕೊಡುತ್ತಾನೆ. ಒಂದಕ್ಕೆ ಎರಡೂವರೆ ಕಿಲೋ ಲೋಹ. ಲೋಹಕ್ಕೆ ಕೊಂಡ ಬೆಲೆ, ಮಾಡುವ ಕೂಲಿಗೆ ನಿಗದಿಯಾದ 180 ರೂಪಾಯಿ. ಕಿಲೋಗೆ 220ರಂತೆ ಲೋಹದ ಪಾಲು 550, ಒಟ್ಟು 730. ವರ್ಷಕ್ಕೆ ನಲವತ್ತು ಸಾವಿರ ಭಾಗಗಳೆಂದರೆ ಬಿಲ್ಲಿನ ಮೊತ್ತ 2 ಕೋಟಿ 92 ಲಕ್ಷ.

ಗ್ರಾಹಕನ ಪರಿಶೋಧಕನು ಬಂದು ಲೋಹ ಕೊಂಡ ಬಿಲ್ಲುಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ 220ರಂತೆಯೇ ಇವೆ, ಎಳ್ಳಷ್ಟೂ ತಪ್ಪಿಲ್ಲ. ಅಷ್ಟಕ್ಕೇ ತೃಪ್ತನಾಗಿ ಎದ್ದುಹೋಗುವವನು ಕಲಿತದ್ದು ಕಡಿಮೆ. ಅನುಭವಸ್ಥನು ಬಿಲ್ಲುಗಳನ್ನು ಪಕ್ಕಕ್ಕಿಟ್ಟು ಲೋಹದ ವ್ಯಾಪಾರಿಯ ಖಾತೆಯನ್ನು ಕೇಳುತ್ತಾನೆ. ಮಾರ್ಚಿ ತಿಂಗಳ ಕೊನೆಯಲ್ಲಿ ಅಲ್ಲೊಂದು ಕ್ರೆಡಿಟ್ ನೋಟು ಇದೆ: ವರ್ಷದಲ್ಲಿ ಕೊಂಡ ಎರಡೂವರೆ ಲಕ್ಷ ಕಿಲೋಗೆ, ಕಿಲೋಗೆ 6 ರೂಪಾಯಿಯಂತೆ, 15 ಲಕ್ಷದ ರಿಯಾಯಿತಿ. ಈ ಗ್ರಾಹಕನ ಕೆಲಸಕ್ಕೆ ಹೋದದ್ದು ಒಂದು ಲಕ್ಷ ಕಿಲೋ. ಆದುದರಿಂದ ಅವನಿಗೆ ಸಲ್ಲಬೇಕಾದದ್ದು 6 ಲಕ್ಷ. ಷರತ್ತಿನಲ್ಲಿ ‘ಬಿಲ್ಲುಗಳನ್ನು ತೋರಿಸತಕ್ಕದ್ದು’ ಎಂದಷ್ಟೇ ಇದ್ದರೆ, ಆ ಕ್ರೆಡಿಟ್ ನೋಟು ತೋರಿಸಲು ಕಾರ್ಖಾನೆದಾರ ನಿರಾಕರಿಸಬಹುದು. ರಿಯಾಯಿತಿ, ಹಿಂಪಾವತಿಗಳನ್ನು ಕಳೆದ ನಿವ್ವಳ ಬೆಲೆಯನ್ನು ತೋರುವ ದಾಖಲೆಗಳೆಲ್ಲ ಎಂದಿದ್ದರೆ ನಿರಾಕರಿಸುವಂತಿಲ್ಲ.

ಉಳಿದ ಒಂದೂವರೆ ಲಕ್ಷ ಕಿಲೋ ಬೇರೆ ಗ್ರಾಹಕರಿಗೆ ಹೋದದ್ದು. ಅವರಲ್ಲಿ ಒಬ್ಬನು ಈತನ ಪ್ರತಿಸ್ಪರ್ಧಿಯೂ ಆಗಿರಬಹುದು. ಹಂಚಿಕೆ ಸರಿಯೇ ಎಂದು ನೋಡಲು ಅವರ ಲೆಕ್ಕವನ್ನೂ ನೋಡಬೇಕು, ಆದರೆ ತೋರಿಸಿದರೆ ಅವರ ಗುಟ್ಟು ಒಡೆಯುತ್ತದೆ. ಇದಕ್ಕಾಗಿ ಉಭಯರೂ ಒಪ್ಪಿದ ಒಬ್ಬ ಸ್ವತಂತ್ರ ಲೆಕ್ಕಿಗನು ಪೂರ್ತಿ ಖಾತೆಯನ್ನು ನೋಡಿ, ಗ್ರಾಹಕನಿಗೆ ತನ್ನ ಪಾಲಿನ ಅಂಕಿಯನ್ನು ಮಾತ್ರ ತಿಳಿಸುವ ಕ್ರಮ ಬಂದಿದೆ. ಇನ್ನು 180 ರೂಪಾಯಿಯ ಕೂಲಿ. ಇದರಲ್ಲಿ ನಿನಗೆ ಉಳಿಯುವುದೆಷ್ಟು ಎಂದು ಪರಿಶೋಧಕನು ಕೇಳಿದರೆ, ಉತ್ತರ ಹೇಳದಿರುವ ಹಕ್ಕು ಕಾರ್ಖಾನೆದಾರನದು. ಅದು ನಿಗದಿಯಾದ ಬೆಲೆ, ಅದರ ಏರಿಳಿತದ ನಷ್ಟವೂ ಅವನದೇ ಆಗಿರುವಾಗ ಲಾಭದ ಲೆಕ್ಕವೂ ಅವನದೇ. ಅಧಿಕ ಬಿಲ್ಲು ಶೇಕಡಾ 5ನ್ನು ಮೀರಿದರೆ ಪರಿಶೋಧನೆಯ ಖರ್ಚೂ ಪೂರೈಕೆದಾರನದೆಂದು ಬರೆಯುವ ವಾಡಿಕೆ ಉಂಟು; ಇಲ್ಲಿ 6 ಲಕ್ಷವು ಒಟ್ಟು ಮೊತ್ತದ ಶೇಕಡಾ 2ರಷ್ಟು ಮಾತ್ರವಾದುದರಿಂದ, ಅಂಥ ಷರತ್ತಿದ್ದರೂ ಹಣ ಹಿಂದಿರುಗುತ್ತದೆ, ಪರಿಶೋಧಕನ ಶುಲ್ಕ ಗ್ರಾಹಕನ ತಲೆಯ ಮೇಲೆಯೇ ಉಳಿಯುತ್ತದೆ.

ದಾಖಲೆ ಇಡುವ ಕಾಲಾವಧಿಯೂ ಇದರೊಡನೆ ಹೊಂದಬೇಕು. ನಮ್ಮ 2013ರ ಕಂಪೆನಿ ಕಾಯಿದೆ ಎಂಟು ಆರ್ಥಿಕ ವರ್ಷಗಳ ವಹಿಗಳನ್ನು ಕಾದಿಡಬೇಕೆನ್ನುತ್ತದೆ. ಸರಕು ಸೇವಾ ತೆರಿಗೆಯ ಕಾಯಿದೆ, ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು ಎನ್ನುತ್ತದೆ. ಆದರೆ ಇವು ಲೆಕ್ಕದ ವಹಿಗಳ ಮಾತು. ಎರಕದ ಮನೆಯಲ್ಲಿ ದಿನವೂ ಲೋಹ ಹೊರಕೊಟ್ಟ ಚೀಟಿಗಳನ್ನು ಕಾರ್ಖಾನೆದಾರ ಮರುವರ್ಷವೇ ರದ್ದಿಗೆ ಹಾಕಿದ್ದರೆ, ಒಂದು ಲಕ್ಷ ಕಿಲೋ ಎಂಬ ಅಂಕಿಯನ್ನು ಒರೆಗೆ ಹಚ್ಚಲು ಏನೂ ಉಳಿದಿರುವುದಿಲ್ಲ. ಆ ಚೀಟಿಗಳ ಹೆಸರನ್ನೇ ಷರತ್ತಿನಲ್ಲಿ ಬರೆಯಬೇಕು.

ಭಾರತದ ಸುಪ್ರೀಂ ಕೋರ್ಟು ಇದೇ ಸೂತ್ರದ ಮೇಲೆ 2014ರ ಏಪ್ರಿಲಿನಲ್ಲಿ ಒಂದು ಮಹತ್ತ್ವದ ತೀರ್ಪು ಕೊಟ್ಟಿತು. ಖಾಸಗಿ ದೂರವಾಣಿ ಕಂಪೆನಿಗಳು ಲೈಸೆನ್ಸಿಗಾಗಿ ತಮ್ಮ ವರಮಾನದ ಒಂದು ಪಾಲನ್ನು ಸರ್ಕಾರಕ್ಕೆ ಕೊಡುತ್ತವೆ. ಅಲ್ಲಿ ಸರ್ಕಾರವು ಕೊಳ್ಳುವವನಲ್ಲದೆ ಪಾಲುಗಾರನ ಸ್ಥಾನದಲ್ಲಿದೆ. ಆದಕಾರಣ ಮಹಾಲೇಖಪಾಲನು ಅವುಗಳ ಲೆಕ್ಕ ನೋಡಬಹುದು, ಆದರೆ ಆ ಪಾಲು ಸರಿಯಾಗಿ ಸಂದಿದೆಯೇ ಎಂದು ತಿಳಿಯಲು ಬೇಕಾದ ವರಮಾನದ ಮಟ್ಟಿಗೆ ಎಂದಿತು. ರಿಸರ್ವ್ ಬ್ಯಾಂಕಿನ 2023ರ ನಿರ್ದೇಶನವಾದರೋ, ತಂತ್ರಜ್ಞಾನದ ಕೆಲಸವನ್ನು ಹೊರಗೆ ಮಾಡಿಸುವ ಬ್ಯಾಂಕುಗಳು ಪೂರೈಕೆದಾರನನ್ನೂ ಅವನ ಉಪಗುತ್ತಿಗೆದಾರರನ್ನೂ ಪರಿಶೋಧಿಸುವ ಹಕ್ಕನ್ನು ಕರಾರಿನಲ್ಲಿ ಇಟ್ಟುಕೊಳ್ಳಬೇಕೆನ್ನುತ್ತದೆ; ಅಲ್ಲಿಯ ಉದ್ದೇಶ ಬೆಲೆಯಲ್ಲ, ಭದ್ರತೆ; ಆದುದರಿಂದ ತೆರೆಯುವ ದಾಖಲೆಗಳೂ ಬೇರೆ. ಯಾವುದಕ್ಕಾಗಿ ನೋಡುತ್ತೇನೆಂಬುದನ್ನು ಹೇಳದೆ ಎಲ್ಲವನ್ನೂ ನೋಡುತ್ತೇನೆಂಬ ಷರತ್ತು ಮಾತ್ರ ಪೂರೈಕೆದಾರನಿಗೆ ಜಗಳ ಕಾಯುವ ದಾರಿಯನ್ನು ತಾನೇ ತೆರೆದುಕೊಡುತ್ತದೆ.

ಪೀಣ್ಯದ ಆ ಕರಾರಿಗೆ ಮರಳಿ ಹೇಳುವುದಾದರೆ, ಬೆಲೆಯ ಷರತ್ತನ್ನು ಬರೆದ ಕೈಯೇ ವಹಿಯ ಷರತ್ತನ್ನೂ ಬರೆಯಬೇಕು. ಬೆಲೆಯಲ್ಲಿ ‘ಕೊಂಡ ಬೆಲೆ’ ಎಂದು ಬರೆದ ಸಾಲಿನ ಎದುರಿಗೆ ವಹಿಯಲ್ಲಿ ‘ಖಾತೆ, ಕ್ರೆಡಿಟ್ ನೋಟು, ಹೊರಕೊಟ್ಟ ಚೀಟಿ’ ಎಂದು ಬರೆಯಬೇಕು. ‘180 ರೂಪಾಯಿ’ ಎಂದು ಬರೆದ ಸಾಲಿನ ಎದುರಿಗೆ ಏನನ್ನೂ ಬರೆಯಬಾರದು.