ಕೋಡಂಬಾಕ್ಕದ ಕನ್ನಡಿಗರೂ ಕನಕದಾಸರ ರಾಗಿಯೂ

ಹರಿದಾಸರನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡಾಗ, ನಮ್ಮ ಸಂಘದ ಭಜನೆಗೆ ಅಡಿಗಲ್ಲನ್ನಿಟ್ಟ ಹಿರಿಯರನ್ನು ನೆನೆಯುವುದಕ್ಕೆ ಇದಕ್ಕಿಂತ ಉಚಿತವಾದ ವಿಷಯ ಮತ್ತೊಂದಿಲ್ಲವೆಂದು ನನಗೆ ತೋರಿತು. ಸ್ಟುಡಿಯೋಗಳ ಕೆಲಸಕ್ಕೆಂದೋ ಕಚೇರಿಗಳ ಗುಮಾಸ್ತಗಿರಿಗೆಂದೋ ಊರು ಬಿಟ್ಟು ಕೋಡಂಬಾಕ್ಕಂ ಸೇರಿದ ಆ ಹಿರಿಯರಿಗೆ ಇಲ್ಲಿ ಕನ್ನಡವನ್ನು ಉಳಿಸಿಕೊಟ್ಟದ್ದು ಪುಸ್ತಕಗಳಿಗಿಂತ ಹೆಚ್ಚಾಗಿ ಮನೆಯ ಹೆಂಗಸರ ಬಾಯಲ್ಲಿದ್ದ ದೇವರನಾಮಗಳು.

ಆ ಪದಗಳ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ಹದಿನೈದನೆಯ ಶತಮಾನದ ಮುಳಬಾಗಿಲಿಗೆ ಬರುತ್ತೇವೆ. ನರಹರಿತೀರ್ಥರು ಇದಕ್ಕೂ ಹಿಂದೆಯೇ ಕನ್ನಡದಲ್ಲಿ ಹಾಡಿದರೆಂಬುದು ನಿಜವಾದರೂ, ಪೀಠಸ್ಥರಾದ ಯತಿಯೊಬ್ಬರು ದೇವರ ಪೂಜೆಯ ವೇಳೆಯಲ್ಲಿ ಸಂಸ್ಕೃತ ಸ್ತೋತ್ರದ ಜೊತೆಗೆ ಕನ್ನಡದ ಹಾಡಿಗೂ ಸ್ಥಾನ ಕೊಟ್ಟು, ಅದನ್ನು ಒಂದು ಪದ್ಧತಿಯಾಗಿ ನಿಲ್ಲಿಸಿದ್ದು ಶ್ರೀಪಾದರಾಜರ ಕಾಲದಲ್ಲಿ. ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳನ್ನು ರಚಿಸಿದ ಈ ಯತಿಗಳು ಶಾಸ್ತ್ರದಲ್ಲಿ ಯಾರಿಗೂ ಕಡಮೆಯವರಾಗಿರಲಿಲ್ಲವಾದುದರಿಂದ, ಅವರು ಹಾಡಿದ ಕನ್ನಡವನ್ನು ಅಜ್ಞಾನದ ಗುರುತೆಂದು ತಳ್ಳಿಹಾಕುವುದು ಪಂಡಿತರಿಗೂ ಸುಲಭವಾಗಲಿಲ್ಲ. ಅವರ ಶಿಷ್ಯರಾದ ವ್ಯಾಸರಾಯರು ನ್ಯಾಯಾಮೃತ, ತರ್ಕತಾಂಡವಗಳಂತಹ ಕಠಿನ ಗ್ರಂಥಗಳನ್ನು ಬರೆದ ಕೈಯಿಂದಲೇ ಕನ್ನಡ ಕೀರ್ತನೆಗಳನ್ನೂ ರಚಿಸಿ, ವಿಜಯನಗರದ ಅರಸರ ಗೌರವಕ್ಕೆ ಪಾತ್ರವಾಗಿದ್ದ ತಮ್ಮ ಮಠದ ನೆರಳಿನಲ್ಲಿ ಹಾಡುವವರ ಒಂದು ಸಮೂಹವನ್ನೇ ಬೆಳೆಸಿದರು.

ಆ ಸಮೂಹಕ್ಕೆ ಬಂದು ಸೇರಿದವರಲ್ಲಿ ಇಬ್ಬರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ವ್ಯಾಪಾರದಿಂದ ಗಳಿಸಿದ್ದನ್ನೆಲ್ಲ ತೊರೆದು, ಕಾಲಿಗೆ ಗೆಜ್ಜೆ ಕಟ್ಟಿ ತಂಬೂರಿ ಹಿಡಿದ ಪುರಂದರದಾಸರು, ಅಂದಂದಿನ ಅನ್ನವನ್ನು ಅಂದಂದೇ ಮನೆಮನೆಯಲ್ಲಿ ಬೇಡಿ ತಂದು, ನಾಳೆಗೆಂದು ಕೂಡಿಡದ ಮಧುಕರವೃತ್ತಿಯನ್ನು ಕೈಕೊಂಡರು. ಈ ವೃತ್ತಿಯ ಫಲವಾಗಿ ಹಾಡು ಮಠದ ಅಂಗಳವನ್ನು ದಾಟಿ ಬೀದಿಗೆ ಬಂತು. ಕೇಳಬೇಕಾದವರು ದೇವಾಲಯಕ್ಕೆ ಹೋಗಬೇಕಾಗಿರಲಿಲ್ಲ, ಹಾಡೇ ಅವರ ಹೊಸ್ತಿಲಿಗೆ ಬರುತ್ತಿತ್ತು. ಸಂಗೀತದ ಬಾಲಪಾಠವನ್ನು ಮಾಯಾಮಾಳವಗೌಳ ರಾಗದಲ್ಲಿ ಆರಂಭಿಸುವ ಕ್ರಮವನ್ನು ಹಾಕಿಕೊಟ್ಟವರು ಅವರೇ ಎಂಬುದು ಸಂಗೀತಗಾರರ ಒಮ್ಮತ. ಆದುದರಿಂದ ಇಂದಿಗೂ ಈ ಊರಿನ ತಮಿಳು ಮನೆಯ ಮಗು ಸರಳೆ, ಜಂಟಿ, ಅಲಂಕಾರಗಳನ್ನು ಮುಗಿಸಿ ಮಲಹರಿಯ ಪಿಳ್ಳಾರಿ ಗೀತೆಗಳಿಗೆ ಬಂದಾಗ, ತನಗೆ ತಿಳಿಯದೆಯೇ ದಾಸರ ಶಿಷ್ಯವರ್ಗಕ್ಕೆ ಸೇರಿರುತ್ತದೆ.

ಮತ್ತೊಬ್ಬರು ಕನಕದಾಸರು. ಬಾಡದಲ್ಲಿ ಕುರುಬರ ಕುಲದಲ್ಲಿ ಹುಟ್ಟಿ, ನಾಯಕತನವನ್ನು ಬಿಟ್ಟು ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿ ಧರಿಸಿದ ಇವರು ಕೀರ್ತನೆಗಳಲ್ಲದೆ ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರಗಳನ್ನೂ ಬರೆದರು. ಆದರೆ ನಾನು ಇಲ್ಲಿ ನಿಂತು ಹೇಳಬೇಕೆಂದಿರುವುದು ರಾಮಧಾನ್ಯಚರಿತ್ರೆಯ ವಿಷಯವನ್ನು. ಸಂಘದಲ್ಲಿ ಈ ಕಾವ್ಯದ ವಾಚನವನ್ನು ಬಹುಕಾಲದಿಂದ ನಡೆಸುತ್ತ ಬಂದವನು ನಾನೇ ಆದ ಕಾರಣ ಇದಕ್ಕೆ ತುಸು ಹೆಚ್ಚು ಸ್ಥಳ ಸಿಕ್ಕಿದರೆ ಓದುಗರು ಮನ್ನಿಸಬೇಕು.

ಭಾಮಿನೀ ಷಟ್ಪದಿಯ ಈ ಕಿರುಕಾವ್ಯದಲ್ಲಿ, ಲಂಕೆಯಿಂದ ಮರಳುವ ದಾರಿಯಲ್ಲಿ ಶ್ರೀರಾಮನು ಮುನಿಗಳ ಆತಿಥ್ಯವನ್ನು ಸ್ವೀಕರಿಸುವಾಗ, ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಚರ್ಚೆ ಏಳುತ್ತದೆ. ರಾಗಿಯನ್ನು ಮುಂದೆ ಮಾಡಿದೊಡನೆ ಭತ್ತ ಸಿಡಿದೇಳುತ್ತದೆ: ದೇವತಾಕಾರ್ಯಗಳಲ್ಲಿ ಸಲ್ಲುವವನು ತಾನು, ಬಲ್ಲವರ ಮನೆಯಲ್ಲಿ ಸ್ಥಾನವುಳ್ಳವನು ತಾನು, ಕೀಳುಜನರ ಕೂಳಾದ ನೀನೆಲ್ಲಿ ಎಂದು ಹಳಿಯುತ್ತದೆ. ರಾಗಿ ತಗ್ಗುವುದಿಲ್ಲ. ಮಳೆ ತಪ್ಪಿದ ವರ್ಷ ನೀನೆಲ್ಲಿ ಅಡಗುತ್ತೀಯೆ, ಉಳ್ಳವರನ್ನು ಬೆನ್ನಟ್ಟುವ ನಿನಗೆ ಬಡವರ ಮುಖ ಕಂಡೀತೆ, ಹೆಣದ ಬಾಯಿಗೆ ಬೀಳುವ ಅಕ್ಕಿಯೂ ನಿನ್ನದೇ ಅಲ್ಲವೆ ಎಂದು ಎದುರುತ್ತರ ಕೊಡುತ್ತದೆ. ಸಭೆಯಲ್ಲಿ ತೀರ್ಮಾನವಾಗದೆ ಹೋಗಲು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಕಳೆದು ಹೊರಗೆ ತಂದಾಗ ಭತ್ತವು ಕಳೆಗುಂದಿ ಕುಸಿದಿರುತ್ತದೆ, ರಾಗಿ ಇಟ್ಟಂತೆಯೇ ಇರುತ್ತದೆ. ರಾಮನು ಮೆಚ್ಚಿ ಅದಕ್ಕೆ ರಾಘವನೆಂಬ ತನ್ನ ಹೆಸರನ್ನೇ ದಯಪಾಲಿಸುತ್ತಾನೆ.

ಕವಿಯ ಜಾಣ್ಮೆಯೆಲ್ಲ ಆ ಸೆರೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಶಾಸ್ತ್ರವಾಕ್ಯಗಳಿಂದ ರಾಗಿಯನ್ನು ಗೆಲ್ಲಿಸಲು ಅವರು ಹೋಗಲಿಲ್ಲ. ಹೋಗಿದ್ದರೆ ಅಲ್ಲಿ ಭತ್ತವೇ ಗೆಲ್ಲುತ್ತಿತ್ತು. ಹಗೇವಿನಲ್ಲಿ ತುಂಬಿದ ರಾಗಿಗೆ ವರ್ಷಗಳು ಕಳೆದರೂ ಸುಲಭವಾಗಿ ಹುಳು ಬೀಳುವುದಿಲ್ಲವೆಂಬುದು ಬಯಲುಸೀಮೆಯ ಒಕ್ಕಲಿಗರಿಗೆಲ್ಲ ತಿಳಿದ ಸಂಗತಿ; ಕಾಳು ಅಷ್ಟು ಸಣ್ಣದಾದ್ದರಿಂದ ಒಳಗೆ ಸೇರಿ ಬೆಳೆಯಲು ಹುಳುವಿಗೆ ಎಡೆಯೇ ಇಲ್ಲ. ಭತ್ತಕ್ಕಾದರೋ ತೇವ ತಗುಲಿದರೆ ಮುಗ್ಗಲು, ಇಟ್ಟಲ್ಲಿ ಹುಳು. ಹುಟ್ಟಿನಿಂದ ಬಂದ ಮೇಲುಕೀಳಿನ ವಾದವನ್ನು ಹೀಗೆ ಉಗ್ರಾಣದ ಪರೀಕ್ಷೆಗೆ ಒಡ್ಡಿ, ತೀರ್ಪನ್ನು ಮಾತ್ರ ಭಗವಂತನ ಬಾಯಿಂದ ಹೇಳಿಸಿದಾಗ, ಕೇಳುವ ಶ್ರೋತ್ರಿಯನಿಗೂ ಉಣ್ಣುವ ಒಕ್ಕಲಿಗನಿಗೂ ಅದನ್ನು ಅಲ್ಲಗಳೆಯುವ ದಾರಿ ಉಳಿಯಲಿಲ್ಲ. ಕೀರ್ತನೆಗಳಲ್ಲಿ ಕುಲವನ್ನು ನೇರವಾಗಿ ಪ್ರಶ್ನಿಸುವ ಕನಕದಾಸರ ಸ್ವರ ಪ್ರಸಿದ್ಧವಾದುದೇ. ಅದೇ ಪ್ರಶ್ನೆ ಇಲ್ಲಿ ನಗುತ್ತ ಬರುತ್ತದೆ, ಆದರೂ ಪೆಟ್ಟು ಹಗುರವಾಗಿಲ್ಲ.

ಪುರಂದರದಾಸರು 1564ರಲ್ಲಿ ಕಾಲವಾದರು. ಮರುವರ್ಷವೇ ವಿಜಯನಗರ ಬಿತ್ತು. ಬಳಿಕ ಹಾಡು ಕ್ಷೀಣವಾಗಿ ಹರಿದು, ಚೀಕಲಪರವಿಯ ವಿಜಯದಾಸರಿಂದ ಮತ್ತೆ ತುಂಬಿತು. ಗೋಪಾಲದಾಸರು, ಹರಿಕಥಾಮೃತಸಾರದ ಜಗನ್ನಾಥದಾಸರು, ಹೆಳವನಕಟ್ಟೆ ಗಿರಿಯಮ್ಮ ಎಂಬ ಹೆಸರುಗಳನ್ನು ಸ್ಮರಿಸಿ ಮುಂದೆ ಸಾಗುತ್ತೇನೆ. ಅವರಿಗೆ ಸಲ್ಲಬೇಕಾದ ವಿಸ್ತಾರವು ಬೇರೆ ಲೇಖನಕ್ಕಿರಲಿ.

ವ್ಯಾಸಕೂಟ, ದಾಸಕೂಟಗಳೆಂಬ ಭೇದವನ್ನು ಕುರಿತಾಗಲಿ, ಕನಕದಾಸರಿಗೆ ಗುರುಗಳ ಬಳಿ ದೊರೆತ ಮನ್ನಣೆಯನ್ನು ಉಳಿದ ಶಿಷ್ಯರು ಎಷ್ಟು ಸಹಿಸಿದರೆಂಬುದನ್ನು ಕುರಿತಾಗಲಿ ಇಲ್ಲಿ ಹೆಚ್ಚು ಹೇಳಲಾರೆ. ಹರಿದಾಸರಲ್ಲಿ ಬಹುಮಂದಿ ಮಾಧ್ವಸಿದ್ಧಾಂತದ ತಾರತಮ್ಯವನ್ನು ಒಪ್ಪಿ, ಅದರ ಒಳಗಿದ್ದುಕೊಂಡೇ ಆಡಂಬರವನ್ನೂ ಡಂಭಾಚಾರವನ್ನೂ ಖಂಡಿಸಿದವರು, ವರ್ಣವ್ಯವಸ್ಥೆಯನ್ನು ಕಿತ್ತೊಗೆಯಹೊರಟವರಲ್ಲ. ಇಷ್ಟನ್ನು ಒಪ್ಪಿಕೊಂಡರೆ ಕನಕದಾಸರ ಧೈರ್ಯದ ಅಳತೆ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಸಂಘದಲ್ಲಿಯೂ ಪುಷ್ಯ ಬಹುಳ ಅಮಾವಾಸ್ಯೆಯ ಪುರಂದರದಾಸರ ಆರಾಧನೆಗೆ ಸಲ್ಲುವ ವೈಭವ ಕಾರ್ತಿಕಮಾಸದ ಕನಕ ಜಯಂತಿಗೂ ಸಲ್ಲಬೇಕೆ ಎಂಬುದರಲ್ಲಿ ಒಮ್ಮೆ ಅಭಿಪ್ರಾಯಭೇದ ಉಂಟಾಗಿ, ಕೆಲಕಾಲ ಕೆಲವರು ಬರುವುದನ್ನು ನಿಲ್ಲಿಸಿದ್ದರು. ಅವರೆಲ್ಲ ಈಗ ನಮ್ಮೊಡನಿದ್ದಾರೆ.

ಆ ಭೇದವನ್ನು ತಿಳಿಗೊಳಿಸಿದ್ದು ಉಪನ್ಯಾಸವಲ್ಲ, ಸಿನಿಮಾ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿದ್ದ ಕಾಲದಲ್ಲಿ, 1960ರಲ್ಲಿ, ವೈ. ಆರ್. ಸ್ವಾಮಿಯವರ ನಿರ್ದೇಶನದ ‘ಭಕ್ತ ಕನಕದಾಸ’ ಬಂತು. ಕನಕದಾಸರಾಗಿ ರಾಜಕುಮಾರ್ ನಟಿಸಿದರು. ಹಾಡಿದವರು ಕಾಕಿನಾಡದಲ್ಲಿ ಹುಟ್ಟಿದ, ತೆಲುಗು ಮನೆಮಾತಿನ ಪಿ. ಬಿ. ಶ್ರೀನಿವಾಸ್. ರಾಜಕುಮಾರರಿಗೆ ಅವರ ಕಂಠವು ನೆಲೆಯಾಗಿ ಒಪ್ಪಿದ್ದು ಈ ಚಿತ್ರದಿಂದ. ಜಯಂತಿಯ ವಿಷಯದಲ್ಲಿ ಹಿಂಜರಿಯುತ್ತಿದ್ದ ಮನೆಗಳಲ್ಲಿಯೂ ಆ ಹಾಡುಗಳನ್ನು ಮಕ್ಕಳು ಗುನುಗತೊಡಗಿದ್ದರಿಂದ, ಕನಕದಾಸರು ನಮ್ಮ ಭಜನೆಯ ಪಟ್ಟಿಗೆ ಯಾರ ಅಪ್ಪಣೆಗೂ ಕಾಯದೆ ಸೇರಿಹೋದರು.

ಇದರಿಂದ ಬಂದ ತೊಡಕೊಂದನ್ನೂ ಹೇಳಬೇಕು. ಬಾಯಿಂದ ಬಾಯಿಗೆ ಬಂದ ಪದಗಳಲ್ಲಿ ಕೊನೆಯ ನುಡಿಯ ಅಂಕಿತವೇ ಕರ್ತೃವಿನ ಗುರುತು. ಹಾಡುವವರು ಹೊತ್ತಾಯಿತೆಂದು ಆ ನುಡಿಯನ್ನೇ ಬಿಟ್ಟಾಗ ಗುರುತು ಅಳಿದು, ಒಬ್ಬ ದಾಸರ ಪದ ಮತ್ತೊಬ್ಬರ ಹೆಸರಿನಲ್ಲಿ ಸಲ್ಲತೊಡಗುತ್ತದೆ. ಸಿನಿಮಾದಿಂದ ಕಲಿತವರಲ್ಲಿ ಇದು ಹೆಚ್ಚು. ಆದುದರಿಂದ ನಮ್ಮ ಭಜನೆಯಲ್ಲಿ, ಎಷ್ಟೇ ಹೊತ್ತಾಗಲಿ, ಮಧ್ಯದ ನುಡಿಗಳನ್ನು ಬಿಟ್ಟರೂ ಅಂಕಿತದ ನುಡಿಯನ್ನು ಬಿಡಕೂಡದೆಂಬ ನಿಯಮವನ್ನು ಹಿರಿಯರು ಮಾಡಿದರು. ರಾಮಧಾನ್ಯಚರಿತ್ರೆಯ ವಾಚನ ಈ ಬಾರಿಯೂ ಕಾರ್ತಿಕಮಾಸದಲ್ಲಿ ಆರಂಭವಾಗುವುದು. ಪ್ರಸಾದವಾಗಿ ರಾಗಿಯ ಹುರಿಹಿಟ್ಟನ್ನು ಹಂಚಬೇಕೆಂಬ ನನ್ನ ಸಲಹೆ ಇನ್ನೂ ಸಮಿತಿಯ ಪರಿಶೀಲನೆಯಲ್ಲಿದೆ.